ಓಪನಿಂಗ್ ಜೋಡಿ ಬದಲಿಸುವ ಮುಂಚೆ ಸ್ಕೋರ್ ಬುಕ್ಕನ್ನು ಇನ್ನೊಮ್ಮೆ ನೋಡಿ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಕಡೆಯ ಕ್ಲಬ್. ಲೆದರ್ ಬಾಲ್, ಮ್ಯಾಟ್, 40 ಓವರ್. ಕಳೆದ ಸೀಸನ್ನಿನಲ್ಲಿ 14 ಮ್ಯಾಚ್ ಆಡಿದೆವು. ನಮ್ಮ ಓಪನಿಂಗ್ ಜೊತೆಯಾಟದ ಸರಾಸರಿ ಬರೀ 18. ಅದೇ ನಾಲ್ಕನೇ ವಿಕೆಟಿಗೆ 46. ಹಾಗಾಗಿ ನಾಲ್ಕನೇ ವಿಕೆಟಿನ ಜೋಡಿಯನ್ನೇ, ಅಂದರೆ ಕ್ಯಾಪ್ಟನ್ ಮತ್ತು ಕೀಪರ್‌ರನ್ನು, ಓಪನಿಂಗ್ ಕಳಿಸೋಣ ಅಂತ ಎಲ್ಲರೂ ಹೇಳ್ತಿದ್ದಾರೆ. ಇದು ಸರಿಯಾ? ಸ್ಕೋರ್ ಬುಕ್ಕಿನ ಫೋಟೋ ಕಳಿಸಿದ್ದೀನಿ.

ಉತ್ತರ: ಬೇಡ, ಹಾಗೆ ಮಾಡಬೇಡಿ. ನೀವು ಕಳಿಸಿದ ಪುಟಗಳನ್ನು ಎರಡು ಸಂಜೆ ಕೂತು ನೋಡಿದೆ. ನಿಮ್ಮ ಲೆಕ್ಕ ತಪ್ಪಿಲ್ಲ. ಆದರೆ ಆ 18 ಮತ್ತು 46 ಒಂದೇ ಪರೀಕ್ಷೆಯ ಎರಡು ಅಂಕಗಳಲ್ಲ. ಬೇರೆ ಬೇರೆ ಪ್ರಶ್ನೆಪತ್ರಿಕೆಯ ಅಂಕಗಳು.

ಮೊದಲು ಆ 46 ಎಲ್ಲಿಂದ ಬಂತು ನೋಡೋಣ. 14 ಮ್ಯಾಚುಗಳಲ್ಲಿ ನಾಲ್ಕನೇ ವಿಕೆಟಿನ ಜೊತೆಯಾಟ ನಡೆದದ್ದು 13 ಸಲ. ಒಂದು ಮ್ಯಾಚನ್ನು ಎರಡೇ ವಿಕೆಟ್ ಕಳೆದುಕೊಂಡು ಗೆದ್ದಿದ್ದೀರಿ. 13 ಜೊತೆಯಾಟಗಳಿಂದ ಒಟ್ಟು 507 ರನ್. ಅದರಲ್ಲಿ ಎರಡು ಮುರಿಯದೇ ಉಳಿದವು. ನೀವು ಬ್ಯಾಟ್ಸ್‌ಮನ್ ಸರಾಸರಿ ತೆಗೆದ ಹಾಗೆ 507ನ್ನು 11ರಿಂದ ಭಾಗಿಸಿ 46 ಮಾಡಿದ್ದೀರಿ. ಹಾಗೆ ಮಾಡುವ ರೂಢಿ ಇದೆ, ತಪ್ಪಲ್ಲ. ಆದರೆ ಇಷ್ಟು ಕಡಿಮೆ ಮ್ಯಾಚುಗಳಿರುವಾಗ ಎರಡು ಮುರಿಯದ ಜೊತೆಯಾಟ ಸರಾಸರಿಯನ್ನು ಸುಮ್ನೆ ಉಬ್ಬಿಸಿಬಿಡುತ್ತವೆ. ನಿಮ್ಮಂಥ ಸಣ್ಣ ಲೆಕ್ಕದಲ್ಲಿ ನಾನು ಎಲ್ಲ 13ರಿಂದಲೇ ಭಾಗಿಸುತ್ತೇನೆ. 39 ಬರುತ್ತದೆ.

ಇನ್ನು ದೊಡ್ಡ ಗೊಂದಲ. ನಾಲ್ಕನೇ ವಿಕೆಟಿನ ಜೊತೆಯಾಟ ಅಂದರೆ ಕ್ಯಾಪ್ಟನ್ ಮತ್ತು ಕೀಪರ್ ಜೊತೆಯಾಟ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಹಾಗಲ್ಲ. ಮೂರು ವಿಕೆಟ್ ಬಿದ್ದ ಮೇಲೆ ಒಳಗೆ ಬರುವುದು ಐದನೇ ಕ್ರಮಾಂಕದ ನಿಮ್ಮ ಕೀಪರ್, ಅಷ್ಟು ಮಾತ್ರ ಖಚಿತ. ಆ ತುದಿಯಲ್ಲಿ ಯಾರು ಉಳಿದಿರುತ್ತಾರೋ ಅವರು ಜೊತೆ. 2001ರ ಕೋಲ್ಕತ್ತ ಟೆಸ್ಟ್ ನೆನಪಿದೆಯಲ್ಲ? ಫಾಲೋ ಆನ್ ಆದ ಮೇಲೆ ಲಕ್ಷ್ಮಣ್ ಮೂರನೆಯವರಾಗಿ ಹೋದರು, ನಮ್ಮ ದ್ರಾವಿಡ್ ಆರಕ್ಕೆ ಇಳಿದರು. ಇಬ್ಬರೂ ಸೇರಿ ಆಡಿದ 376 ರನ್ ಐದನೇ ವಿಕೆಟಿನ ಲೆಕ್ಕಕ್ಕೆ ಹೋಯಿತು. ಆಡಿದವರು ಮೂರು ಮತ್ತು ಆರನೇ ಕ್ರಮಾಂಕದವರು. ಐದನೇ ಕ್ರಮಾಂಕದವರಿಗೂ ಅದಕ್ಕೂ ಸಂಬಂಧವೇ ಇಲ್ಲ. ವಿಕೆಟ್ ಸಂಖ್ಯೆ ನೋಡಿ ಜೋಡಿಯನ್ನು ಊಹಿಸಬಾರದು ಅನ್ನುವುದಕ್ಕೆ ನಾನು ಹುಡುಗರಿಗೆ ಯಾವಾಗಲೂ ಕೊಡುವ ಉದಾಹರಣೆ ಇದು.

ನಿಮ್ಮ ಪುಸ್ತಕದಲ್ಲೂ ಅದೇ ಕಥೆ. ನಾಲ್ಕನೇ ವಿಕೆಟಿನ ಎರಡು ಅತಿ ದೊಡ್ಡ ಜೊತೆಯಾಟ 88 ಮತ್ತು 72. ಎರಡರಲ್ಲೂ ಕೀಪರ್ ಜೊತೆ ಇದ್ದದ್ದು ಕ್ಯಾಪ್ಟನ್ ಅಲ್ಲ, ನಿಮ್ಮ ಎಡಗೈ ಓಪನರ್! ಎಲ್ಲರೂ ಕೆಳಗಿಳಿಸಬೇಕು ಅನ್ನುತ್ತಿರುವ ಜೋಡಿಯಲ್ಲಿ ಒಬ್ಬ. ಇನ್ನೆರಡು ಸಲ ಜೊತೆಗಿದ್ದವನು ಒನ್ ಡೌನ್ ಹುಡುಗ. ಕ್ಯಾಪ್ಟನ್ ಮತ್ತು ಕೀಪರ್ ನಿಜವಾಗಿ ಒಟ್ಟಿಗೆ ಆಡಿದ್ದು 9 ಸಲ, ಬಂದದ್ದು 298 ರನ್. ಸರಾಸರಿ 33. ಅಂದರೆ ಓಪನಿಂಗಿಗೆ ಕಳಿಸಬೇಕು ಅಂತ ಹೊರಟ ಜೋಡಿಯ ಅಂಕಿ 46 ಅಲ್ಲವೇ ಅಲ್ಲ.

33 ಕೂಡ 18ಕ್ಕಿಂತ ಜಾಸ್ತಿಯೇ ಅಲ್ವಾ, ಅನ್ನುತ್ತೀರಿ. ನಿಲ್ಲಿ. ಈಗ ಆ 9 ಜೊತೆಯಾಟ ಯಾವಾಗ ಶುರುವಾದವು ಅಂತ ನೋಡಿ. ಫಾಲ್ ಆಫ್ ವಿಕೆಟ್ ಕಾಲಂನಲ್ಲಿ ನಿಮ್ಮ ಸ್ಕೋರರ್ ರನ್ ಮಾತ್ರ ಬರೆದಿದ್ದಾರೆ, ಓವರ್ ಬರೆದಿಲ್ಲ. ಬೌಲಿಂಗ್ ಕಡೆಯ ಚುಕ್ಕಿ ಎಣಿಸಿಕೊಂಡು ಓವರ್ ಹುಡುಕಬೇಕಾಯಿತು. ಮುಂದಿನ ಸೀಸನ್ನಿನಿಂದ ದಯವಿಟ್ಟು ಓವರ್ ಬರೆಸಿ. ಬ್ಯಾಟಿಂಗ್ ಕ್ರಮಾಂಕದ ವಿಚಾರದಲ್ಲಿ ಅದಕ್ಕಿಂತ ಉಪಯೋಗದ ಅಂಕಿ ಇನ್ನೊಂದಿಲ್ಲ.

ಎಣಿಸಿದಾಗ ಸಿಕ್ಕಿದ್ದು ಇದು. ಓಪನರ್‌ಗಳು ಐದು ಓವರ್ ಅಥವಾ ಜಾಸ್ತಿ ನಿಂತ ಮ್ಯಾಚುಗಳಲ್ಲಿ ಕ್ಯಾಪ್ಟನ್ ಮತ್ತು ಕೀಪರ್ 4 ಸಲ ಒಟ್ಟಾಗಿ ಆಡಿ 203 ರನ್ ಹೊಡೆದಿದ್ದಾರೆ. ಸಲಕ್ಕೆ ಸುಮಾರು 51. ಓಪನರ್‌ಗಳು ಐದು ಓವರಿನೊಳಗೆ ಮುರಿದುಬಿದ್ದ ಮ್ಯಾಚುಗಳಲ್ಲಿ ಅದೇ ಇಬ್ಬರು 5 ಸಲ ಆಡಿ 95 ರನ್. ಸಲಕ್ಕೆ 19.

ಹತ್ತೊಂಬತ್ತು! ನಿಮ್ಮ ಓಪನರ್‌ಗಳ ಸರಾಸರಿ 18. ಚೆಂಡು ಇನ್ನೂ ಗಟ್ಟಿ ಇರುವಾಗ, ಬೌಲರ್‌ಗಳು ಹುರುಪಿನಲ್ಲಿರುವಾಗ ಒಳಗೆ ಹೋದರೆ ಕ್ಯಾಪ್ಟನ್ ಮತ್ತು ಕೀಪರ್ ಕೂಡ ಓಪನರ್‌ಗಳಷ್ಟೇ ಹೊಡೆಯುತ್ತಾರೆ. ಮೇಲೆ ಕಳಿಸಿದರೆ 46 ಕೂಡ ಅವರ ಜೊತೆ ಮೇಲಕ್ಕೆ ಬರುವುದಿಲ್ಲ. ಅದು ಹಳೆ ಚೆಂಡಿನ ರನ್. ಚೆಂಡನ್ನು ಹಳೆಯದು ಮಾಡಿಕೊಟ್ಟವರು ಯಾರು? ಆ ಕೆಲಸಕ್ಕೆ ಸ್ಕೋರ್ ಬುಕ್ಕಿನಲ್ಲಿ ಕಾಲಂ ಇಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕಾಲೇಜು ತಂಡಕ್ಕೆ ಕ್ಯಾಪ್ಟನ್ ಆಗಿದ್ದಾಗ ಐದು ಮತ್ತು ಆರನೇ ಕ್ರಮಾಂಕದವರು ಚೆನ್ನಾಗಿ ಆಡುತ್ತಿದ್ದಾರೆ ಅಂತ ಇಬ್ಬರನ್ನೂ ಒಟ್ಟಿಗೆ ಓಪನಿಂಗ್ ಕಳಿಸಿದೆ. ನಾಲ್ಕು ಮ್ಯಾಚಿನಲ್ಲಿ ಇಬ್ಬರ ಆಟವೂ ಹಾಳಾಯಿತು. ಹಳೆಯ ಓಪನರ್ ಇಬ್ಬರೂ ಕೆಳಗೆ ಹೋಗಿ ಸ್ಪಿನ್ನಿಗೆ ತಡಕಾಡಿದರು. ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿದ್ದೆ.

ಹಾಗಾದರೆ ಓಪನಿಂಗಿನಲ್ಲಿ ತೊಂದರೆಯೇ ಇಲ್ಲವಾ? ಇದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ.

14 ಓಪನಿಂಗ್ ಜೊತೆಯಾಟಗಳನ್ನು ಎರಡು ಗುಂಪು ಮಾಡಿದೆ. ಬೆಳಿಗ್ಗೆ ಮೊದಲು ಬ್ಯಾಟಿಂಗ್ ಮಾಡಿದ್ದು ಒಂದು ಗುಂಪು, ಮಧ್ಯಾಹ್ನ ಚೇಸ್ ಮಾಡಿದ್ದು ಇನ್ನೊಂದು. ಬೆಳಗಿನ 8 ಮ್ಯಾಚುಗಳಲ್ಲಿ ಓಪನಿಂಗ್ ಜೊತೆಯಾಟ ಹೀಗಿವೆ: 4, 0, 12, 9, 3, 7, 15, 18. ಒಟ್ಟು 68, ಸರಾಸರಿ ಎಂಟೂವರೆ. ಮಧ್ಯಾಹ್ನದ 6 ಮ್ಯಾಚುಗಳಲ್ಲಿ: 31, 58, 22, 41, 26, 6. ಒಟ್ಟು 184, ಸರಾಸರಿ 31ರ ಹತ್ತಿರ. ಅದೇ ಇಬ್ಬರು ಹುಡುಗರು, ಅದೇ ಬ್ಯಾಟು. ನೀವು ಹೇಳಿದ 18 ಅನ್ನುವ ಅಂಕಿ ಈ ಎರಡರ ನಡುವೆ ಎಲ್ಲೋ ನಿಂತಿದೆ. ಬೆಳಗಿನ ಆಟದ್ದೂ ಅಲ್ಲದ, ಮಧ್ಯಾಹ್ನದ ಆಟದ್ದೂ ಅಲ್ಲದ ಅಂಕಿ ಅದು.

ಮಲೆನಾಡಿನಲ್ಲಿ ಆಡಿದವರಿಗೆ ಇದು ಆಶ್ಚರ್ಯ ಅನ್ನಿಸಬಾರದು. ಮಳೆಗಾಲ ಮುಗಿದು ಸೀಸನ್ ಶುರುವಾಗುವ ಹೊತ್ತಿಗೆ ನೆಲದೊಳಗೆ ಇನ್ನೂ ತೇವ ಇರುತ್ತದೆ. ಡಿಸೆಂಬರಿನಲ್ಲಿ ಒಂಬತ್ತು ಗಂಟೆಗೂ ಮಂಜು ಪೂರ್ತಿ ಬಿಟ್ಟಿರುವುದಿಲ್ಲ. ಮ್ಯಾಟಿನ ಕೆಳಗಿನ ಮಣ್ಣು ಮೆತ್ತಗಿದ್ದರೆ, ಮ್ಯಾಟನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯದಿದ್ದರೆ, ಒಂದು ಚೆಂಡು ನಿಂತು ಬರುತ್ತದೆ, ಮುಂದಿನದು ಎದ್ದು ಬರುತ್ತದೆ. ಹನ್ನೊಂದು ಗಂಟೆಗೆ ಬಿಸಿಲು ಬಿದ್ದ ಮೇಲೆ ಅದೇ ಮ್ಯಾಟು ಬೇರೆ ಮ್ಯಾಟಿನ ಹಾಗೆ ಆಡುತ್ತದೆ. ಇನ್ನೊಂದು ವಿಷಯ, ಇದಕ್ಕೆ ಲೆಕ್ಕ ಇಲ್ಲ: ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್. ಮಂಡಗದ್ದೆಯ ತಿರುವುಗಳನ್ನೆಲ್ಲ ಟೆಂಪೋದಲ್ಲಿ ಸುತ್ತಿಕೊಂಡು ಬಂದು, ಇಳಿದ ಇಪ್ಪತ್ತು ನಿಮಿಷಕ್ಕೆ ಪ್ಯಾಡ್ ಕಟ್ಟಿ ಹೊಸ ಚೆಂಡಿಗೆ ನಿಲ್ಲುವುದು ಅಂದರೆ ಸುಲಭವಲ್ಲ.

ಇದು ಬರೀ ಅದೃಷ್ಟ ಇರಬಹುದಲ್ಲ ಅಂತ ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಎಂಟು ಮತ್ತು ಆರು ಮ್ಯಾಚು ಏನೂ ದೊಡ್ಡ ಲೆಕ್ಕವಲ್ಲ. ಪರೀಕ್ಷೆ ಮಾಡಲು ಕಂಪ್ಯೂಟರ್ ಬೇಡ. 14 ಚೀಟಿ ಮಾಡಿ, ಒಂದೊಂದರ ಮೇಲೆ ಒಂದು ಓಪನಿಂಗ್ ಜೊತೆಯಾಟದ ರನ್ ಬರೆಯಿರಿ. ಡಬ್ಬಿಗೆ ಹಾಕಿ ಕುಲುಕಿ, ಕಣ್ಣು ಮುಚ್ಚಿ 8 ಚೀಟಿ ಎತ್ತಿ ಕೂಡಿಸಿ. 68 ಅಥವಾ ಅದಕ್ಕಿಂತ ಕಡಿಮೆ ಬಂತಾ? ಮತ್ತೆ ಮಾಡಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೆ 68 ಆಗಾಗ ಬರಬೇಕು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. 14ರಲ್ಲಿ 8 ಚೀಟಿ ಎತ್ತುವ ವಿಧ 3003. ಅದರಲ್ಲಿ 68 ಅಥವಾ ಕಡಿಮೆ ಕೊಡುವುದು ಬರೀ 9. ಸಾವಿರ ಸಲ ಎತ್ತಿದರೆ ಮೂರು ಸಲ. ಇಷ್ಟು ಅಪರೂಪದ್ದು ಸುಮ್ನೆ ಆಗಿಹೋಗಿದೆ ಅಂತ ನಂಬಲು ನನಗೆ ಮನಸ್ಸಿಲ್ಲ.

ಆದರೆ ಒಂದು ಎಚ್ಚರ. ವ್ಯತ್ಯಾಸ ನಿಜ ಅಂದಮಾತ್ರಕ್ಕೆ ಕಾರಣ ಇಬ್ಬನಿಯೇ ಅಂತ ಆಗುವುದಿಲ್ಲ. ನಿಮ್ಮ 8 ಬೆಳಗಿನ ಬ್ಯಾಟಿಂಗಿನಲ್ಲಿ 6 ಸಲ ಟಾಸ್ ಸೋತಿದ್ದೀರಿ. ಅಂದರೆ ಎದುರಿನವರು ಬೇಕಂತಲೇ ನಿಮ್ಮನ್ನು ಬ್ಯಾಟಿಂಗಿಗೆ ಇಳಿಸಿದ್ದಾರೆ. ಒಳ್ಳೆಯ ಹೊಸ ಚೆಂಡಿನ ಬೌಲರ್ ಇರುವ ತಂಡವೇ ಹಾಗೆ ಮಾಡುವುದು. ಹಾಗಾಗಿ ಸ್ವಲ್ಪ ಇಬ್ಬನಿ, ಸ್ವಲ್ಪ ಬೌಲರ್. ಎರಡನ್ನೂ ಬೇರೆ ಮಾಡುವಷ್ಟು ಮ್ಯಾಚು ನಿಮ್ಮಲ್ಲಿ ಇಲ್ಲ. ಪರವಾಗಿಲ್ಲ, ಎರಡಕ್ಕೂ ಮದ್ದು ಒಂದೇ.

ಮದ್ದಿಗೆ ಮುಂಚೆ ಇನ್ನೊಂದು ಹೆಜ್ಜೆ. ಜೊತೆಯಾಟ ಅನ್ನುವುದು ಇಬ್ಬರದ್ದು, ಮುರಿಯುವುದು ಒಬ್ಬನಿಂದ. ಮುರಿದವನು ಯಾರು ಅಂತ ಎಣಿಸಿ. ಮಧ್ಯಾಹ್ನದ 6ರಲ್ಲಿ ಎಡಗೈ ಹುಡುಗ 3 ಸಲ, ಬಲಗೈ ಓಪನರ್ 3 ಸಲ ಮೊದಲು ಔಟಾಗಿದ್ದಾರೆ. ಸಮ. ಬೆಳಗಿನ 8ರಲ್ಲಿ? ಬಲಗೈಯವನು 7 ಸಲ. ಆ ಏಳರಲ್ಲಿ ಐದು ಕ್ಯಾಚ್ ಕೀಪರ್ ಅಥವಾ ಸ್ಲಿಪ್ ಕೈಯಲ್ಲಿ. ಬೆಳಿಗ್ಗೆ ಅವನು ಒಟ್ಟು ಆಡಿದ್ದು 88 ಚೆಂಡು, ಅಂದರೆ ಸಲಕ್ಕೆ 11. ಮುಂದಕ್ಕೆ ಕಾಲು ಹಾಕಿ ಡ್ರೈವ್ ಮಾಡುವುದು ಅವನ ಆಟ. ಚೆಂಡು ನೇರ ಬರುವಾಗ ನೋಡಲು ಚೆಂದ, ನಿಂತು ಬರುವಾಗ ಅಂಚು ತಾಗುತ್ತದೆ. ಎಡಗೈ ಹುಡುಗನನ್ನು ನೀವು ಸುಮ್ಮನೆ ಬೈಯುತ್ತಿದ್ದೀರಿ. ಅವನು ಬೆಳಿಗ್ಗೆ ತುದಿಯಲ್ಲಿ ನಿಂತು ಜೊತೆಗಾರ ಹೋಗುವುದನ್ನು ನೋಡಿದ್ದೇ ಜಾಸ್ತಿ.

ಹಾಗಾಗಿ ಬದಲಿಸಬೇಕಾದ್ದು ಜೋಡಿಯನ್ನಲ್ಲ, ಬೆಳಗಿನ ಹೊತ್ತು ಒಬ್ಬನನ್ನು. ಬದಲಿಗೆ ಯಾರು? ನಿಮ್ಮಲ್ಲಿ ಆಗಲೇ ಒಬ್ಬ ಓಪನರ್ ಇದ್ದಾನೆ. ಒನ್ ಡೌನ್ ಹುಡುಗ. ಬೆಳಗಿನ ಐದು ಮ್ಯಾಚುಗಳಲ್ಲಿ ಅವನು ಐದು ಓವರ್ ಮುಗಿಯುವ ಮುಂಚೆಯೇ ಒಳಗೆ ಬಂದಿದ್ದಾನೆ. ಆ ಐದರಲ್ಲಿ ಆಡಿದ ಚೆಂಡು 34, 19, 41, 8, 38. ಸಲಕ್ಕೆ 28. ಹೆಸರಿಗೆ ಮೂರನೇ ಕ್ರಮಾಂಕ, ಕೆಲಸ ಓಪನರ್‌ದು. ಅವನು ಆಮೆ ಅಂತ ನೀವು ಪುಟದ ಅಂಚಿನಲ್ಲಿ ಬರೆದದ್ದನ್ನು ನೋಡಿದೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಆಮೆಯೇ ಬೇಕು. ಐದು ಓವರಿನೊಳಗೆ ಓಪನಿಂಗ್ ಮುರಿದ ಬೆಳಗಿನ ಮ್ಯಾಚುಗಳಲ್ಲಿ ನಿಮ್ಮ ಒಟ್ಟು ಸರಾಸರಿ 118. ಮುರಿಯದ ಮೂರರಲ್ಲಿ 165. ಆ ಮೂರರಲ್ಲೂ ಓಪನಿಂಗಿನ ರನ್ ನೋಡಿ: 12, 15, 18. ಐದಾರು ಓವರಿನಲ್ಲಿ ಬಂದದ್ದು ಇಷ್ಟೇ, ಆದರೂ ಕೊನೆಗೆ 165. ಬೆಳಗಿನ ಓಪನಿಂಗ್ ಜೋಡಿಯನ್ನು ರನ್ನಿನಿಂದ ಅಳೆಯಬೇಡಿ, ಎಷ್ಟು ಚೆಂಡು ತಿಂದರು ಅನ್ನುವುದರಿಂದ ಅಳೆಯಿರಿ.

ಮಳೆ ಬಿದ್ದ ಪಿಚ್ಚಿನಲ್ಲಿ ಯಾರನ್ನು ಯಾವಾಗ ಕಳಿಸಬೇಕು ಅನ್ನುವುದಕ್ಕೆ ಹಳೆಯ ದೊಡ್ಡ ಉದಾಹರಣೆ ಬ್ರಾಡ್‌ಮನ್‌ದು. 1937ರ ಜನವರಿಯಲ್ಲಿ ಮೆಲ್ಬರ್ನ್ ಟೆಸ್ಟಿನಲ್ಲಿ ಮಳೆಯಿಂದ ಪಿಚ್ ಕೆಟ್ಟಿತ್ತು. ಎರಡನೇ ಇನ್ನಿಂಗ್ಸಿಗೆ ಅವರು ಕ್ರಮಾಂಕವನ್ನೇ ತಲೆಕೆಳಗು ಮಾಡಿದರು. ಬೌಲರ್‌ಗಳಾದ ಓ'ರೈಲಿ ಮತ್ತು ಫ್ಲೀಟ್‌ವುಡ್-ಸ್ಮಿತ್ ಓಪನಿಂಗ್ ಹೋದರು, ಬ್ರಾಡ್‌ಮನ್ ಏಳನೆಯವರಾಗಿ ಬಂದರು. ಅಷ್ಟರಲ್ಲಿ ಪಿಚ್ ಒಣಗಿತ್ತು. ಫಿಂಗಲ್ಟನ್ ಜೊತೆ ಆರನೇ ವಿಕೆಟಿಗೆ 346 ರನ್, ಬ್ರಾಡ್‌ಮನ್ ಒಬ್ಬರದೇ 270. ನೀವು 40 ಓವರಿನ ಆಟದಲ್ಲಿ ಬೌಲರ್‌ಗಳನ್ನು ಓಪನಿಂಗ್ ಕಳಿಸಬೇಡಿ, ಅವರಿಗಿದ್ದ ದಿನಗಟ್ಟಲೆ ಸಮಯ ನಿಮಗಿಲ್ಲ. ಆದರೆ ಕ್ರಮಾಂಕದ ಜೊತೆಗೆ ಗಡಿಯಾರವನ್ನೂ ನೋಡುವುದು ಮಾತ್ರ ಕಲಿಯುವಂಥದ್ದು.

ನನ್ನ ಸಲಹೆ ಹೀಗೆ. ಬೆಳಿಗ್ಗೆ ಬ್ಯಾಟಿಂಗ್ ಬಂದರೆ ಎಡಗೈ ಹುಡುಗ ಮತ್ತು ಆಮೆ ಓಪನಿಂಗ್. ಕ್ಯಾಪ್ಟನ್ ಒನ್ ಡೌನ್. ಕ್ಯಾಪ್ಟನ್‌ಗೆ ಇದು ದೊಡ್ಡ ಬದಲಾವಣೆ ಅಂತ ಅನ್ನಿಸಬಹುದು, ಆದರೆ ಬೆಳಗಿನ ಮ್ಯಾಚುಗಳಲ್ಲಿ ನಾಲ್ಕಕ್ಕೆ ಅಂತ ಹೆಸರು ಬರೆಸಿಕೊಂಡೂ ಅವರು ಸಾಮಾನ್ಯವಾಗಿ ಒಂಬತ್ತನೇ ಓವರಿನ ಹೊತ್ತಿಗೇ ಒಳಗಿದ್ದಾರೆ. ಓಪನಿಂಗ್ ಎಂಟು ಹತ್ತು ಓವರ್ ನಿಂತರೆ ಮೂರರಲ್ಲಿ ಬಂದರೂ ಅದೇ ಹೊತ್ತಿಗೆ ಬರುತ್ತಾರೆ. ಆಮೇಲಿನ ಎರಡು ಜಾಗವನ್ನು ಮೊದಲೇ ಗಟ್ಟಿ ಮಾಡಬೇಡಿ. ಎರಡನೇ ವಿಕೆಟ್ 15ನೇ ಓವರಿನೊಳಗೆ ಬಿದ್ದರೆ ಕೀಪರ್ ಹೋಗಲಿ, ಆಮೇಲೆ ಬಿದ್ದರೆ ಬಲಗೈ ಓಪನರ್ ಹೋಗಲಿ. ಬಿಸಿಲು ಬಿದ್ದ ಮ್ಯಾಟು, ಹಳೆ ಚೆಂಡು ಸಿಕ್ಕರೆ ಅವನ ಡ್ರೈವು ನಿಮಗೆ ಬೇಕೇ ಬೇಕು. ಇಬ್ಬರೂ ಪ್ಯಾಡ್ ಕಟ್ಟಿ ಕೂತಿರಲಿ. ಬಲಗೈ ಓಪನರ್‌ಗೆ ಇದನ್ನು ಟೆಂಪೋದಲ್ಲೇ ಹೇಳಿ, ಗ್ರೌಂಡಿಗೆ ಬಂದ ಮೇಲೆ ಹೇಳಿದರೆ ತನ್ನನ್ನು ಇಳಿಸಿದರು ಅಂತ ಮುಖ ಊದಿಸಿಕೊಳ್ಳುತ್ತಾನೆ.

ಮಧ್ಯಾಹ್ನ ಚೇಸ್ ಆದರೆ ಏನನ್ನೂ ಮುಟ್ಟಬೇಡಿ. ಹಳೆಯ ಕ್ರಮಾಂಕ, ಹಳೆಯ ಜೋಡಿ. 31ರ ಸರಾಸರಿ ಕೊಡುವ ಓಪನಿಂಗ್ ಇಟ್ಟುಕೊಂಡು ಬದಲಿಸುವುದು ಯಾಕೆ? ಕೀಪರ್‌ನನ್ನಂತೂ ಆಗ ಮೇಲೆ ಕಳಿಸಲೇಬೇಡಿ. 40 ಓವರ್ ಕೂತು ಎದ್ದವನಿಗೆ ಹತ್ತು ನಿಮಿಷದಲ್ಲಿ ಹೊಸ ಚೆಂಡಿನ ಮುಂದೆ ನಿಲ್ಲು ಅನ್ನುವುದು ನ್ಯಾಯವಲ್ಲ.

ಇನ್ನು ನೀವು ಕೇಳದೇ ಇದ್ದ ಒಂದು ಮಾತು. ಕೀಪರ್ ಮತ್ತು ಎಡಗೈ ಹುಡುಗ ಸೇರಿದಾಗ 88 ಮತ್ತು 72 ಬಂತಲ್ಲ, ಹಾಗಾದರೆ ಆ ಇಬ್ಬರನ್ನೇ ಓಪನಿಂಗ್ ಕಳಿಸೋಣ ಅಂತ ನಾಳೆ ಯಾರಾದರೂ ಹೊಸ ಯೋಜನೆ ತರುತ್ತಾರೆ. ಎರಡೇ ಎರಡು ಜೊತೆಯಾಟ ಅದು. ಅಲ್ಲದೆ ಓಪನರ್ ಒಬ್ಬ ಮೂರು ವಿಕೆಟ್ ಬಿದ್ದ ಮೇಲೂ ನಿಂತಿದ್ದಾನೆ ಅಂದರೆ ಅವತ್ತು ಅವನಿಗೆ ಚೆಂಡು ಕಾಣುತ್ತಿತ್ತು ಅಂತಲೇ ಅರ್ಥ. ಆ ದಿನ ಜೊತೆಗೆ ಯಾರಿದ್ದರೂ ರನ್ ಬರುತ್ತಿತ್ತೋ ಏನೋ. ಪುಸ್ತಕದಲ್ಲಿ ಗುರುತು ಹಾಕಿಡಿ, ಅಷ್ಟು ಸಾಕು.

ಓಪನಿಂಗ್ ರನ್ ಕೂಡಿಸುವಾಗ ಬೈ, ವೈಡ್ ಎಷ್ಟು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಬೆಳಗಿನ 68ರಲ್ಲಿ 21 ಇತರೆ ರನ್. ಜೊತೆಯಾಟದ ಲೆಕ್ಕಕ್ಕೆ ಅವೂ ಸೇರುತ್ತವೆ, ಬ್ಯಾಟಿನಿಂದ ಬಂದದ್ದಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಯಾರು ಯಾರು ಬರಲಿಲ್ಲ ಅನ್ನುವುದನ್ನೂ ಬರೆದಿಡಿ. ಅಡಿಕೆ ತೋಟ ಇರುವ ಹುಡುಗರು ಆ ಎರಡು ತಿಂಗಳು ಅರ್ಧ ಮ್ಯಾಚಿಗೆ ಸಿಗುವುದಿಲ್ಲ, ಆಗ ಯಾವ ಜೋಡಿಯ ಲೆಕ್ಕವೂ ನೆಟ್ಟಗಿರುವುದಿಲ್ಲ.

ಹೊಸ ಕ್ರಮಾಂಕವನ್ನು ಆರು ಬೆಳಗಿನ ಮ್ಯಾಚಿಗೆ ಬಿಡಿ, ನಡುವೆ ಬದಲಿಸಬೇಡಿ. ಕಳೆದ ಸಲ ಬೆಳಗಿನ ಓಪನಿಂಗ್ ಸರಾಸರಿ 21 ಚೆಂಡು ನಿಂತಿತ್ತು. ಆರು ಮ್ಯಾಚಿನಲ್ಲಿ ನಾಲ್ಕು ಸಲವಾದರೂ 30 ಚೆಂಡು ದಾಟಿದರೆ ಮುಂದುವರಿಸಿ. ದಾಟದಿದ್ದರೆ ಈ ಸಲ ಮೊದಲು ಔಟಾಗುತ್ತಿರುವವನು ಯಾರು ಅಂತ ನೋಡಿ. ಎಡಗೈ ಹುಡುಗನೇ ಆಗಿದ್ದರೆ ನನ್ನ ಲೆಕ್ಕ ತಪ್ಪಿತು, ಪುಸ್ತಕ ಮತ್ತೆ ಕಳಿಸಿ. ಈ ಸಲ ಓವರ್ ಬರೆದು.